ಶೂ ಕೊಳ್ಳೋ ಮುಂಚೆ ಬಗ್ಗಿಸಿ, ತಿರುಚಿ, ಹಿಮ್ಮಡಿ ಒತ್ತಿ ನೋಡ್ರಿ

ಇವತ್ತಿನ ಮಾತು ಶೂ ಬಗ್ಗೆ. ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಗಂಡುಮಕ್ಕಳು 1,600 ಮೀಟರ್ ದೂರವನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಿ ಮುಗಿಸಬೇಕು. ಓಟ ಒಂದೇ ದಿನದ್ದು, ಆದ್ರೆ ತಯಾರಿ ತಿಂಗಳುಗಟ್ಟಲೆ, ಅದೂ ಡಾಂಬರು ರಸ್ತೆ ಮೇಲೆ. ಔರಾದ್‌ನಿಂದಲೋ ಭಾಲ್ಕಿಯಿಂದಲೋ ಬಸ್ ಹತ್ತಿ ಬೀದರ್‌ಗೆ ಬಂದು ಶೂ ಕೊಂಡವರಿಗೆ, ಅದು ಸರಿ ಇಲ್ಲ ಅಂತ ವಾಪಸ್ ತರೋದಂದ್ರೆ ಇನ್ನೊಂದು ದಿನ, ಇನ್ನೊಂದು ಬಸ್ ಚಾರ್ಜು. ಅದಕ್ಕೇ ಅಂಗಡಿಯಲ್ಲೇ ಎರಡು ನಿಮಿಷ ತಗೊಂಡು ಮೂರು ಪರೀಕ್ಷೆ ಮಾಡ್ಕೋಬೇಕು. ಮೊದಲು ಅಂಗಡಿಯವರನ್ನ ಕೇಳ್ರಿ, "ಅಣ್ಣಾ, ಒಂಚೂರು ಬಗ್ಗಿಸಿ ನೋಡ್ಲೇನ್ರಿ?" ಅಂತ. ಚರ್ಮದ ಶೂ ಆದ್ರೆ ಗೆರೆ ಬೀಳ್ತದೆ, ಕೇಳದೆ ಬಗ್ಗಿಸಬಾರದು.

ಮೊದಲನೇದು ಬಗ್ಗಿಸೋದು. ಒಂದು ಕೈಯಲ್ಲಿ ಹಿಮ್ಮಡಿ ಹಿಡಿದು, ಶೂನ ಮೂತಿಯನ್ನ ಮೇಜಿಗೆ ಒತ್ತಿ ಹಿಮ್ಮಡಿ ಎತ್ತಿ. ನಡೆಯುವಾಗ ನಮ್ಮ ಕಾಲು ಬಗ್ಗೋದು ಬೆರಳುಗಳ ಬುಡದಲ್ಲಿ. ಶೂ ಕೂಡ ಅಲ್ಲೇ ಬಗ್ಗಬೇಕು. ನಟ್ಟ ನಡುವೆ, ಪಾದದ ಕಮಾನಿನ ಕೆಳಗೆ ಮಡಚಿಕೊಂಡ್ರೆ ಅಲ್ಲಿ ಸೋಲಿಗೆ ಬಲ ಇಲ್ಲ ಅಂತ ಅರ್ಥ. ಎಲ್ಲೂ ಬಗ್ಗದೇ ಹೋದ್ರೆ ಪ್ರತಿ ಹೆಜ್ಜೆಗೂ ಹಿಮ್ಮಡಿ ಶೂನಿಂದ ಮೇಲೆ ಜಾರ್ತದೆ, ಉಜ್ಜಿ ಗುಳ್ಳೆ ಏಳ್ತವೆ.

ಎರಡನೇದು ತಿರುಚೋದು. ಒಂದು ಕೈ ಹಿಮ್ಮಡಿಗೆ, ಇನ್ನೊಂದು ಮುಂಭಾಗಕ್ಕೆ. ಒದ್ದೆ ಬಟ್ಟೆ ಹಿಂಡೋ ಹಾಗೆ ತಿರುಗಿಸಿ. ಸ್ವಲ್ಪ ತಿರುಗಿ ತಡೀಬೇಕು, ಬಿಟ್ಟ ಕೂಡ್ಲೇ ಮೊದಲಿನ ಆಕಾರಕ್ಕೆ ಬರಬೇಕು. ಟವೆಲ್ ಥರ ಸುತ್ತಿಕೊಂಡ್ರೆ ದಿನಾ ಓಡೋರಿಗೆ ಅದು ಬೇಡ.

ಮೂರನೇದು ಜನ ಮರೆಯೋದು, ಹಿಮ್ಮಡಿ ಒತ್ತೋದು. ಶೂನ ಹಿಂಭಾಗದಲ್ಲಿ, ಹೊರಬಟ್ಟೆಗೂ ಒಳಬಟ್ಟೆಗೂ ನಡುವೆ, ಬಟ್ಟಲಿನಂಥ ಒಂದು ಗಟ್ಟಿ ತುಂಡು ಇರ್ತದೆ. ಅದಕ್ಕೆ ಹೀಲ್ ಕೌಂಟರ್ ಅಂತಾರೆ. ಹೆಬ್ಬೆರಳು, ತೋರುಬೆರಳಿನಿಂದ ಎರಡೂ ಪಕ್ಕ ಹಿಡಿದು, ಸೋಲಿನಿಂದ ಒಂದೆರಡು ಬೆರಳು ಮೇಲೆ ಒತ್ತಿ. ಕೌಂಟರ್ ಪ್ಲಾಸ್ಟಿಕ್ಕಿನದಾಗಿದ್ರೆ ಬಲವಾಗಿ ತಡೀತದೆ. ರಟ್ಟಿನಂಥದ್ದಾಗಿದ್ರೆ ಮೊದಲ ದಿನ ಗಟ್ಟಿ ಇದ್ರೂ ಬೆವರು, ಮಳೆನೀರು ತಾಗಿ ಮೆತ್ತಗಾಗಬಹುದು. ಏನೂ ಇಲ್ಲದಿದ್ರೆ ಬೆರಳು ಒಳಗೇ ಹೋಗ್ತದೆ. ಆದ್ರೆ ಮೇಲಿನ ಅಂಚು, ಹಿಮ್ಮಡಿಯ ಸ್ನಾಯುರಜ್ಜು ತಾಗೋ ಜಾಗ, ಮೆತ್ತಗೇ ಇರಬೇಕು. ಒಳಗೆ ಬೆರಳಾಡಿಸಿ, ಕೌಂಟರಿನ ಅಂಚು ಚುಚ್ಚಿದ ಹಾಗಾದ್ರೆ ಆ ಶೂ ಬಿಡಿ.

ಈಗ ಒಂದು ಉದಾಹರಣೆ. ಅಂಗಡಿಯವರು ನಿಮ್ಮ ಮುಂದೆ 8ನೇ ನಂಬರಿನ ಮೂರು ಶೂ ಇಟ್ಟಿದ್ದಾರೆ ಅಂದ್ಕೊಳ್ಳಿ. ಮೊದಲನೇದು ಬಲು ಹಗುರ, ನೋಡೋಕೂ ಚೆಂದ, ಆದ್ರೆ ನಡುವೆ ಮಡಚ್ತದೆ, ಹಿಮ್ಮಡಿ ಒತ್ತಿದ್ರೆ ಕುಸೀತದೆ. ಎರಡನೇದು ಕಲ್ಲಿನಂಗೆ, ಎಲ್ಲೂ ಬಗ್ಗಲ್ಲ. ಮೂರನೇದು ಬೆರಳ ಬುಡದಲ್ಲಿ ಬಗ್ಗಿತು, ತಿರುಚಿದಾಗ ತಡೀತು, ಹಿಮ್ಮಡಿ ಕೆಳಗೆ ಗಟ್ಟಿ, ಮೇಲೆ ಮೆತ್ತಗೆ. ತಿಂಗಳುಗಟ್ಟಲೆ ರಸ್ತೆ ಮೇಲೆ ಓಡೋರು ಕಾಲಿಗೆ ಹಾಕಿ ನೋಡಬೇಕಾದ್ದು ಈ ಮೂರನೇದನ್ನ. ಆಮೇಲೆ ಜೋಡಿಯ ಎರಡೂ ಶೂಗಳನ್ನ ಸಮತಟ್ಟು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ. ಒಂದರ ಹಿಮ್ಮಡಿ ನೆಟ್ಟಗೆ, ಇನ್ನೊಂದರದ್ದು ಓರೆ ಇದ್ರೆ ತಯಾರಿಕೆಯಲ್ಲೇ ದೋಷ. ಬೇರೆ ಜೋಡಿ ಕೇಳಿ.

ಒಂದು ಮಾತು ಸ್ಪಷ್ಟ ಇರಲಿ. ಗಟ್ಟಿ ಕೌಂಟರ್ ಹೇಳೋದು ಎರಡೇ ಸಂಗತಿ: ಹಿಮ್ಮಡಿ ಒಳಗೆ ಅಲುಗಾಡದಂತೆ ಶೂ ಹಿಡೀತದಾ, ನಾಲ್ಕು ತಿಂಗಳಾದ್ರೂ ಆಕಾರ ಉಳೀತದಾ. ಅದು ಅಳತೆ ಸರಿ ಇದೆ ಅಂತಾಗಲಿ, ಕಾಲಿಗೆ ಗಾಯ ಆಗೋದೇ ಇಲ್ಲ ಅಂತಾಗಲಿ ಹೇಳಲ್ಲ. ಕೆಲವು ಶೂಗಳನ್ನ ಬೇಕಂತಲೇ ಮೆತ್ತಗೆ ಮಾಡಿರ್ತಾರೆ, ರೇಸಿಗಂತ ಕಾರ್ಬನ್ ಹಲಗೆ ಹಾಕಿದವು ಬಗ್ಗೋದೇ ಇಲ್ಲ. ಅವಕ್ಕೆ ಈ ಲೆಕ್ಕ ಹೊಂದಲ್ಲ. ಕೈ ಅಂದಾಜು ಯಂತ್ರದ ಅಳತೆ ಅಲ್ಲ, ಹಾಗಾಗಿ ಒಂದೇ ಶೂ ಒತ್ತಿ ತೀರ್ಮಾನ ಮಾಡದೆ ಎರಡು ಮೂರು ಪಕ್ಕಪಕ್ಕ ಇಟ್ಟು ಹೋಲಿಸಿ.

ಕೊನೆಗೆ, ಸಂಜೆ ಹೊತ್ತು ಹೋಗಿ, ಆಗ ಪಾದ ಸ್ವಲ್ಪ ಊದಿರ್ತದೆ. ಓಡೋವಾಗ ಹಾಕೋ ಸಾಕ್ಸನ್ನೇ ಹಾಕ್ಕೊಂಡು ಹೋಗಿ. ಲೇಸ್ ಕಟ್ಟಿ ಅಂಗಡಿಯೊಳಗೆ ಹತ್ತು ಹೆಜ್ಜೆ ನಡೀರಿ. ಹಿಮ್ಮಡಿ ಜಾರಿದ್ರೆ ಕೌಂಟರ್ ಎಷ್ಟೇ ಗಟ್ಟಿ ಇರಲಿ, ಅದು ನಿಮ್ಮ ಶೂ ಅಲ್ಲ.