ತಡವಾದರೂ ಚಿಂತೆಯಿಲ್ಲ, ಹೇಳಿದ ದಿನಕ್ಕೆ ಬರಲಿ

ಮೋಟಾರು ರಿಪೇರಿ ಮಾಡುವವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ನಂಬರು 6204. ಒಳತೂತು 20 ಮಿಲಿಮೀಟರ್, ಹೊರವ್ಯಾಸ 47, ದಪ್ಪ 14 ಇರುವ ಪುಟ್ಟ ಬಾಲ್ ಬೇರಿಂಗ್ ಅದು. ಮನೆಯ ನೀರಿನ ಮೋಟಾರಿನಿಂದ ಹಿಡಿದು ಸಣ್ಣಪುಟ್ಟ ಯಂತ್ರಗಳವರೆಗೆ ಎಲ್ಲೆಲ್ಲೂ ಬೇಕಾಗುತ್ತದೆ. ಚಿತ್ರದುರ್ಗದಲ್ಲಿ ಇಂಥ ಬಿಡಿಭಾಗ ಮಾರುವ ಅಂಗಡಿಯೊಂದಿದೆ, ಬೆಂಗಳೂರಿನ ಡೀಲರ್‌ನಿಂದ ಲಾರಿ ಪಾರ್ಸೆಲ್‌ನಲ್ಲಿ ಮಾಲು ತರಿಸುತ್ತದೆ ಎಂದು ಇಟ್ಟುಕೊಳ್ಳೋಣ. ಡಬ್ಬದಲ್ಲಿ ಎಷ್ಟು ಬೇರಿಂಗ್ ಉಳಿದಾಗ ಡೀಲರ್‌ಗೆ ಫೋನ್ ಮಾಡಬೇಕು?

ಬೇಗ ಮಾಡಿದರೆ ದುಡ್ಡು ಡಬ್ಬದಲ್ಲಿ ಕೊಳೆಯುತ್ತದೆ. ತಡ ಮಾಡಿದರೆ ಗಿರಾಕಿ ಎದುರಂಗಡಿಗೆ ಹೋಗುತ್ತಾನೆ, ಬೇರಿಂಗ್ ಜೊತೆಗೆ ಕೆಪಾಸಿಟರ್ರು, ತಂತಿ ಎಲ್ಲವನ್ನೂ ಅಲ್ಲೇ ಕೊಂಡುಬಿಡುತ್ತಾನೆ. ಫೋನ್ ಮಾಡಬೇಕಾದ ಆ ಮಟ್ಟಕ್ಕೆ ರೀಆರ್ಡರ್ ಪಾಯಿಂಟ್ ಎನ್ನುತ್ತಾರೆ. ಅದರಲ್ಲಿ ಎರಡು ಪಾಲು. ಮಾಲು ಬರುವವರೆಗೆ ಸಾಮಾನ್ಯವಾಗಿ ಖರ್ಚಾಗುವಷ್ಟು ಒಂದು ಪಾಲು; ಲೆಕ್ಕ ತಪ್ಪಿದರೆ ಇರಲಿ ಎಂದು ಇಡುವ ಕೈಕಾವಲು ಇನ್ನೊಂದು. ಈ ಎರಡನೆಯದೇ ಸೇಫ್ಟಿ ಸ್ಟಾಕ್.

ಮೊದಲ ಪಾಲು ಸುಲಭ. ನಮ್ಮ ಅಂಗಡಿಯಲ್ಲಿ ದಿನಕ್ಕೆ ಸರಾಸರಿ 8 ಬೇರಿಂಗ್ ಹೋಗುತ್ತವೆ. ಆರ್ಡರ್ ಕೊಟ್ಟ ಮೇಲೆ ಮಾಲು ಕೈಸೇರಲು ಸರಾಸರಿ 7 ಕೆಲಸದ ದಿನ ಬೇಕು. ಗುಣಿಸಿದರೆ 56. ಬಹಳ ಮಂದಿ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ 56 ಉಳಿದಾಗ ಆರ್ಡರ್ ಮಾಡಿದವನು ಹೆಚ್ಚುಕಡಿಮೆ ಎರಡಕ್ಕೊಂದು ಸಲ ಬರಿಡಬ್ಬ ನೋಡಬೇಕಾಗುತ್ತದೆ. ಸರಾಸರಿ ಎಂದ ಮೇಲೆ ಅರ್ಧದಷ್ಟು ಸಲ ಖರ್ಚು ಅದನ್ನು ದಾಟುವುದೇ ತಾನೆ?

ಹಾಗಾದರೆ ಏರುಪೇರನ್ನು ಅಳೆಯಬೇಕು. ಶಾಲೆಯ ಸಂಖ್ಯಾಶಾಸ್ತ್ರದ ಪಾಠದಲ್ಲಿ ಬರುವ ಮಾನಕ ವಿಚಲನೆ ಇಲ್ಲಿ ಕೆಲಸಕ್ಕೆ ಬರುತ್ತದೆ. ದಿನದ ಮಾರಾಟ ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಆಚೀಚೆ ಹೋಗುತ್ತದೆ ಎಂಬುದರ ಅಳತೆ ಅದು. ಎರಡು ಮೂರು ತಿಂಗಳ ದಿನವಹಿ ಮಾರಾಟವನ್ನು ಕಂಪ್ಯೂಟರಿನ ಹಾಳೆಯಲ್ಲಿ ಬರೆದು `STDEV.S` ಎಂದು ಕೇಳಿದರೆ ಉತ್ತರ ಸಿಗುತ್ತದೆ. ನಮ್ಮ ಅಂಗಡಿಗೆ ಅದು 3 ಎಂದುಕೊಳ್ಳಿ. ಒಂದು ಎಚ್ಚರಿಕೆ: ಮಾಲೇ ಇಲ್ಲದ ದಿನ ಮಾರಾಟ ಸೊನ್ನೆ ಎಂದು ಪುಸ್ತಕ ಹೇಳುತ್ತದೆ, ಬೇಡಿಕೆ ಸೊನ್ನೆಯಾಗಿರುವುದಿಲ್ಲ. ಅಂಥ ದಿನಗಳನ್ನು ಲೆಕ್ಕದಿಂದ ಕೈಬಿಡಬೇಕು. ಇಲ್ಲದಿದ್ದರೆ ಪದೇಪದೇ ಖಾಲಿಯಾಗುವ ಮಾಲು ‘ಓಡದ ಮಾಲು’ ಎಂದು ಕಾಣಿಸಿ, ಇನ್ನಷ್ಟು ಕಡಿಮೆ ತರಿಸುವಂತೆ ಆಗುತ್ತದೆ.

ಇನ್ನು ಡೀಲರ್‌ನ ಕಡೆ. ಎಷ್ಟು ದಿನಕ್ಕೆ ಕಳಿಸುತ್ತೀರಿ ಎಂದು ಅವನನ್ನು ಕೇಳಿ ಪ್ರಯೋಜನವಿಲ್ಲ. ‘ಗಾಡಿಗೆ ಹಾಕಿದೀವಿ ಸಾರ್, ನಾಳೆ ಬಂದ್ಬಿಡುತ್ತೆ’ ಎಂಬ ಮಾತು ಎಲ್ಲರಿಗೂ ಗೊತ್ತು. ಹಿಂದಿನ ಆರ್ಡರ್‌ಗಳ ತಾರೀಖು ತೆಗೆಯಬೇಕು: ಆರ್ಡರ್ ಹೇಳಿದ ದಿನ ಒಂದು, ಮಾಲು ಎಣಿಸಿ ಡಬ್ಬಕ್ಕೆ ಹಾಕಿದ ದಿನ ಇನ್ನೊಂದು. ಬಿಲ್ಲಿನ ಮೇಲಿನ ತಾರೀಖು ಇವೆರಡೂ ಅಲ್ಲ. ನಮ್ಮ ಅಂಗಡಿಯ ಕೊನೆಯ ಹತ್ತು ಆರ್ಡರ್‌ಗಳಿಗೆ ಹಿಡಿದ ದಿನಗಳು ಹೀಗಿವೆ: 5, 6, 7, 5, 10, 6, 7, 9, 5, 10. ಕೂಡಿದರೆ 70, ಸರಾಸರಿ 7. ಪ್ರತಿಯೊಂದರಿಂದ 7 ಕಳೆದು, ಬಂದದ್ದನ್ನು ವರ್ಗ ಮಾಡಿ ಕೂಡಿದರೆ 36. ಹತ್ತಕ್ಕಿಂತ ಒಂದು ಕಡಿಮೆ, ಅಂದರೆ 9ರಿಂದ ಭಾಗಿಸಿದರೆ 4. ಅದರ ವರ್ಗಮೂಲ 2. ಡೀಲರ್‌ನ ಮಾನಕ ವಿಚಲನೆ 2 ದಿನ.

ಈಗ ಎರಡು ಅಪಾಯಗಳನ್ನೂ ಬೇರಿಂಗ್ ಲೆಕ್ಕಕ್ಕೆ ತರೋಣ. ಡೀಲರ್ ಎರಡು ದಿನ ತಡ ಮಾಡಿದರೆ ದಿನಕ್ಕೆ 8ರಂತೆ 16 ಬೇರಿಂಗ್ ಹೆಚ್ಚಿಗೆ ಬೇಕು. ಇದರಲ್ಲಿ ಗೊಂದಲವಿಲ್ಲ. ಗಿರಾಕಿಗಳ ಏರುಪೇರು ದಿನಕ್ಕೆ 3 ಎಂದ ಮೇಲೆ ಏಳು ದಿನಕ್ಕೆ 21 ಆಗಬೇಕಲ್ಲ ಎನ್ನಿಸಬಹುದು. ಹಾಗಾಗುವುದಿಲ್ಲ. ಸೋಮವಾರ ಜೋರು ವ್ಯಾಪಾರವಾದರೆ ಬುಧವಾರ ತಣ್ಣಗಿರಬಹುದು; ಹೆಚ್ಚಿನ ದಿನ ಕಡಿಮೆ ದಿನವನ್ನು ಒಂದಷ್ಟು ಸರಿದೂಗಿಸುತ್ತದೆ. ಆದ್ದರಿಂದ 3ನ್ನು ಏಳರಿಂದಲ್ಲ, ಏಳರ ವರ್ಗಮೂಲದಿಂದ ಗುಣಿಸಬೇಕು. ಉತ್ತರ ಸುಮಾರು 8. ತಡವಾದ ಲಾರಿಗೆ ಈ ಸರಿದೂಗುವ ಗುಣವಿಲ್ಲ. ಅದು ಬಾರದ ಒಂದೊಂದು ದಿನವೂ ಇಡೀ ದಿನದ ಮಾರಾಟವನ್ನು ನುಂಗುತ್ತದೆ.

ಗಿರಾಕಿಗಳಿಂದ 8, ಡೀಲರ್‌ನಿಂದ 16. ಇವನ್ನು ಕೂಡಿ 24 ಎನ್ನುವಂತಿಲ್ಲ. ವ್ಯಾಪಾರ ಜೋರಾಗುವುದೂ ಲಾರಿ ತಡವಾಗುವುದೂ ಪ್ರತಿಸಲ ಒಟ್ಟಿಗೇ ಆಗುವುದಿಲ್ಲವಲ್ಲ. ಲಂಬಕೋನ ತ್ರಿಭುಜದ ಎರಡು ಬಾಹುಗಳು 8 ಮತ್ತು 16 ಆದರೆ ವಿಕರ್ಣ ಎಷ್ಟು ಎಂದು ಕೇಳಿದಂತೆ ಇದು. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 18ಕ್ಕೆ ತುಸು ಕಡಿಮೆ, 17.9. ತ್ರಿಭುಜ ಬರೆದು ನೋಡಿದರೆ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ: ವಿಕರ್ಣದ ಉದ್ದ ಬಹುಪಾಲು ದೊಡ್ಡ ಬಾಹುವಿನದೇ. ಚಿಕ್ಕ ಬಾಹುವನ್ನು ಅರ್ಧಕ್ಕಿಳಿಸಿದರೂ ವಿಕರ್ಣ 16.5ಕ್ಕೆ ಇಳಿಯುತ್ತದೆ, ಅಷ್ಟೆ.

ಕೊನೆಯದಾಗಿ, ಎಷ್ಟು ಧೈರ್ಯ ಬೇಕು ಎಂಬುದನ್ನು ಅಂಗಡಿಯವರೇ ತೀರ್ಮಾನಿಸಬೇಕು. ನೂರು ಆರ್ಡರ್‌ಗಳಲ್ಲಿ 90 ಸಲ ಮಾಲು ಖಾಲಿಯಾಗದಿದ್ದರೆ ಸಾಕು ಎನ್ನುವವರು ಈ 17.9ನ್ನು 1.28ರಿಂದ ಗುಣಿಸುತ್ತಾರೆ, 95 ಸಲ ಎನ್ನುವವರು 1.65ರಿಂದ, 99 ಎನ್ನುವವರು 2.33ರಿಂದ. 95ನ್ನು ಆರಿಸಿದರೆ ಹಾಳೆಯಲ್ಲಿ ಇಷ್ಟು ಬರೆದರೆ ಸಾಕು:

```
=ROUNDUP(1.65*SQRT(7*3^2 + 8^2*2^2), 0)
```

ಉತ್ತರ 30. ಅದಕ್ಕೆ 56 ಸೇರಿಸಿದರೆ 86. ಡಬ್ಬದಲ್ಲಿ 86 ಉಳಿದಾಗ ಫೋನ್ ಮಾಡಬೇಕು.

ಈ 95ರ ಬಗ್ಗೆ ಒಂದು ಮಾತು ಹೇಳಲೇಬೇಕು, ಇದನ್ನು ತಪ್ಪಾಗಿ ತಿಳಿಯುವವರೇ ಹೆಚ್ಚು. ನೂರು ಗಿರಾಕಿಗಳಲ್ಲಿ ಐವರು ಬರಿಗೈಯಲ್ಲಿ ಹೋಗುತ್ತಾರೆ ಎಂದು ಇದರರ್ಥವಲ್ಲ. ಅಂಗಡಿ ಪ್ರತಿಸಲ 200 ಬೇರಿಂಗ್ ತರಿಸುತ್ತಿದ್ದರೆ, 25 ಕೆಲಸದ ದಿನಕ್ಕೊಂದು ಆರ್ಡರ್. 20 ಆರ್ಡರ್‌ಗಳಲ್ಲಿ ಒಂದು ಸಲ ಖಾಲಿಯಾಗುವುದೆಂದರೆ ಹೆಚ್ಚುಕಡಿಮೆ 20 ತಿಂಗಳಿಗೊಮ್ಮೆ. ಆಗಲೂ ಕೊರತೆಯಾಗುವುದು ಸರಾಸರಿ ಏಳು ಬೇರಿಂಗ್, 4000 ಮಾರುವಷ್ಟರಲ್ಲಿ! ಇದನ್ನು ಎದುರಿಗಿಟ್ಟುಕೊಂಡರೆ, 6204ರಂಥ ಮಾಲಿಗೆ 90 ಸಾಕು ಎನ್ನುವುದು ನನ್ನ ಅಭಿಪ್ರಾಯ. ಆಗ ಕೈಕಾವಲು 30ರಿಂದ 23ಕ್ಕೆ ಇಳಿಯುತ್ತದೆ. 99 ಬೇಕೆಂದರೆ 42 ಇಡಬೇಕು. ಒಂದು ಬೇರಿಂಗ್ ಇಲ್ಲದಿದ್ದರೆ ಇಡೀ ಕಾರ್ಖಾನೆ ನಿಲ್ಲುವ ಕಡೆ ಅಷ್ಟು ಖರ್ಚಿಗೆ ಅರ್ಥವಿದೆ. ಪಕ್ಕದ ಬೀದಿಯಲ್ಲೇ ಸಾಲ ತರಬಹುದಾದ ಕಡೆ ಇಲ್ಲ.

ಈಗ ಡೀಲರ್‌ನ ವಿಷಯಕ್ಕೆ ಮರಳೋಣ, ಲೆಕ್ಕದ ಸ್ವಾರಸ್ಯ ಇರುವುದೇ ಅಲ್ಲಿ. ಇನ್ನೊಬ್ಬ ಡೀಲರ್ ಬಂದು, ‘ನಾನು 12 ದಿನ ತೆಗೆದುಕೊಳ್ಳುತ್ತೇನೆ, ಆದರೆ ಒಂದು ದಿನವೂ ಆಚೀಚೆ ಆಗುವುದಿಲ್ಲ’ ಎನ್ನುತ್ತಾನೆ. ಐದು ದಿನ ಹೆಚ್ಚು! ಯಾರಾದರೂ ಬೇಡ ಎಂದೇ ಹೇಳುತ್ತಾರೆ. ಲೆಕ್ಕ ಬೇರೆ ಹೇಳುತ್ತದೆ. ಡೀಲರ್‌ನ ಏರುಪೇರು ಸೊನ್ನೆಯಾದ್ದರಿಂದ ಉಳಿಯುವುದು ಗಿರಾಕಿಗಳದ್ದು ಮಾತ್ರ: 3ನ್ನು ಹನ್ನೆರಡರ ವರ್ಗಮೂಲದಿಂದ ಗುಣಿಸಿದರೆ 10.4, ಅದನ್ನು 1.65ರಿಂದ ಗುಣಿಸಿ ಮೇಲಕ್ಕೆ ಸರಿಹೊಂದಿಸಿದರೆ 18. ಮೊದಲಿನವನಿಗೆ 30 ಇಡಬೇಕಿತ್ತು, ನಿಧಾನದವನಿಗೆ 18 ಸಾಕು. ಆರ್ಡರ್ ಮಾಡುವ ಮಟ್ಟವೇನೋ 96 ಮತ್ತು 18 ಸೇರಿ 114ಕ್ಕೆ ಏರುತ್ತದೆ. ಆದರೆ ಆ 96 ಕಾಯುವ ಹೊತ್ತಿನಲ್ಲಿ ಮಾರಿಹೋಗುವ ಮಾಲು. ವರ್ಷವಿಡೀ ಕಪಾಟಿನಲ್ಲಿ ಕೂತು ದುಡ್ಡು ಹಿಡಿದಿಡುವುದು ಕೈಕಾವಲು ಮಾತ್ರ.

ಹಾಗಾಗಿ ಡೀಲರ್‌ನೊಂದಿಗೆ ಕೂತಾಗ ‘ಬೇಗ ಕಳಿಸಿ’ ಎಂದು ಒತ್ತಾಯಿಸುವ ಬದಲು ಆ ಎರಡು ‘10’ಗಳು ಯಾಕೆ ಬಂದವು ಎಂದು ಕೇಳುವುದು ಜಾಣತನ. ಹಳೇ ಬಾಕಿ ತೀರಿಲ್ಲವೆಂದು ಬಿಲ್ ಹಾಕದೆ ಕೂತಿದ್ದನೇ? ಎರಡೂ ಕಡೆ ಲೋಹದ ಮುಚ್ಚಳವಿರುವ ಬೇರಿಂಗ್ ಅವನ ಬಳಿಯೇ ಮುಗಿದು, ರಬ್ಬರ್ ಸೀಲಿನದು ಮಾತ್ರ ಇತ್ತೇ? ಗಾಡಿ ತುಂಬಲೆಂದು ಪಾರ್ಸೆಲ್ ಆಫೀಸಿನಲ್ಲಿ ಮೂಟೆ ಬಿದ್ದಿತ್ತೇ? ಮೊದಲನೆಯದಕ್ಕೆ ಮದ್ದು ನಮ್ಮ ಕೈಯಲ್ಲೇ ಇದೆ. ಏರುಪೇರು 2 ದಿನದಿಂದ 1 ದಿನಕ್ಕೆ ಇಳಿದರೆ, ಸರಾಸರಿ ಏಳೇ ಇದ್ದರೂ, ಕೈಕಾವಲು 30ರಿಂದ 19ಕ್ಕೆ ಬರುತ್ತದೆ.

ಈ ಸೂತ್ರ ನಡೆಯದ ಜಾಗಗಳೂ ಇವೆ. ತಿಂಗಳಿಗೆ ಎರಡೋ ಮೂರೋ ಹೋಗುವ ದೊಡ್ಡ ಬೇರಿಂಗ್‌ಗೆ ಇದನ್ನು ಹಾಕಬಾರದು. ಮಾರಾಟ ಸರಾಸರಿಯ ಎರಡೂ ಬದಿಗೆ ಸಮವಾಗಿ ಹರಡಿರುತ್ತದೆ ಎಂಬ ನಂಬಿಕೆಯ ಮೇಲೆ ಸೂತ್ರ ನಿಂತಿದೆ, ಅಂಥ ಮಾಲಿನಲ್ಲಿ ಅದು ಸುಳ್ಳು. ಹಿಂದೆ ಒಮ್ಮೆಗೆ ಅತಿ ಹೆಚ್ಚೆಂದರೆ ಎಷ್ಟು ಹೋಗಿತ್ತು ಎಂದು ನೋಡಿ ಅಷ್ಟು ಇಟ್ಟರೆ ಸಾಕು. ಬೇಸಿಗೆಯಲ್ಲಿ ಮೋಟಾರುಗಳು ಹೆಚ್ಚು ಹೊತ್ತು ಓಡುವುದರಿಂದ ಬೇರಿಂಗ್ ಮಾರಾಟವೂ ಏರಬಹುದು; ಇಡೀ ವರ್ಷದ ಸರಾಸರಿ ಹಿಡಿದರೆ ಏಪ್ರಿಲ್‌ನಲ್ಲಿ ಖಾಲಿ, ಆಗಸ್ಟ್‌ನಲ್ಲಿ ರಾಶಿ. ಎರಡು ಕಾಲಕ್ಕೆ ಎರಡು ಲೆಕ್ಕ ಬೇಕು. ಇನ್ನೊಂದು: 86 ಎಂದರೆ ಡಬ್ಬದಲ್ಲಿರುವುದಷ್ಟೇ ಅಲ್ಲ, ದಾರಿಯಲ್ಲಿರುವುದೂ ಸೇರಿ. ಮೊನ್ನೆ ಹೇಳಿದ 200 ಇನ್ನೂ ಬಂದಿಲ್ಲ ಎಂಬುದನ್ನು ಮರೆತರೆ ಹುಡುಗ ಡಬ್ಬ ನೋಡಿ ಮತ್ತೆ 200 ಹೇಳಿಬಿಡುತ್ತಾನೆ.

ಲೆಕ್ಕ ಸರಿಯಿದೆಯೇ ಎಂದು ತಿಳಿಯಲು ಒಂದು ಸುಲಭ ಉಪಾಯವಿದೆ. ಹೊಸ ಮಾಲು ಬಂದಾಗಲೆಲ್ಲ, ಅದನ್ನು ಸುರಿಯುವ ಮುಂಚೆ, ಡಬ್ಬದಲ್ಲಿ ಎಷ್ಟು ಉಳಿದಿದೆ ಎಂದು ಎಣಿಸಿ ಬರೆದಿಡಬೇಕು. ಹತ್ತು ಹನ್ನೆರಡು ಆರ್ಡರ್‌ಗಳ ಮೇಲೆ ಅದರ ಸರಾಸರಿ 30ರ ಆಸುಪಾಸಿನಲ್ಲಿರಬೇಕು. ಒಮ್ಮೆ 8, ಒಮ್ಮೆ 50 ಉಳಿದರೆ ಅದು ಸಹಜ. ಪ್ರತಿಸಲವೂ 50ರ ಮೇಲೇ ಉಳಿಯುತ್ತಿದ್ದರೆ ಡೀಲರ್ ಸುಧಾರಿಸಿದ್ದಾನೆ ಅಥವಾ ವ್ಯಾಪಾರ ಇಳಿದಿದೆ, ಹೊಸ ತಾರೀಖುಗಳನ್ನಿಟ್ಟು ಮತ್ತೆ ಲೆಕ್ಕ ಹಾಕಬೇಕು.