ಗಂಧೆಯ ಸಿರಪ್: ಎಷ್ಟು ಎಂಎಲ್, ಎಷ್ಟು ಎಂಜಿ?

ಜ್ವರ ಇಳಿಯುವ ಹೊತ್ತಿಗೆ ಮಗುವಿನ ಹೊಟ್ಟೆ, ತೊಡೆಯ ಮೇಲೆ ಕೆಂಪು ಗಂಧೆಗಳು ಏಳುತ್ತವೆ. ಪಿತ್ತ ಹೆಚ್ಚಾಗಿದೆ ಎನ್ನುತ್ತಾರೆ ಅಜ್ಜಿ, ತಿಂದದ್ದು ಒಗ್ಗಿಲ್ಲ ಎನ್ನುತ್ತಾರೆ ಅಮ್ಮ. ಚಿಕ್ಕ ಮಕ್ಕಳಲ್ಲಿ ಹೀಗೆ ದಿಢೀರನೆ ಏಳುವ ಗಂಧೆಗೆ ಹೆಚ್ಚಿನ ಸಲ ವೈರಸ್ ಸೋಂಕೇ ಕಾರಣ. ಒಂದು ಕಡೆ ಎದ್ದದ್ದು 24 ಗಂಟೆಯೊಳಗೆ ಮಾಯವಾಗುತ್ತದೆ, ಅಷ್ಟರಲ್ಲಿ ಇನ್ನೊಂದು ಕಡೆ ಏಳುತ್ತದೆ. ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ಅಲ್ಲಿಯವರೆಗೆ ತುರಿಕೆ ತಡೆಯುವುದಷ್ಟೇ ಆಂಟಿಹಿಸ್ಟಮಿನ್‌ನ ಕೆಲಸ.

ಈ ಔಷಧಿಗಳಲ್ಲಿ ಹಳೆಯ ತಲೆಮಾರಿನವು, ಹೊಸ ತಲೆಮಾರಿನವು ಎಂದು ಎರಡು ಬಗೆ. ಕ್ಲೋರ್‌ಫೆನಿರಮಿನ್, ಹೈಡ್ರಾಕ್ಸಿಜಿನ್, ಪ್ರೋಮೆಥಜಿನ್ ಹಳೆಯವು. ಚರ್ಮದಲ್ಲಿ ತುರಿಕೆ ಎಬ್ಬಿಸುವ ಹಿಸ್ಟಮಿನ್ ಮಿದುಳಿನಲ್ಲಿ ನಮ್ಮನ್ನು ಎಚ್ಚರವಾಗಿಡುತ್ತದೆ. ಹಳೆಯ ಔಷಧಿಗಳು ಮಿದುಳಿಗೂ ನುಗ್ಗಿ ಅಲ್ಲಿಯೂ ಅದನ್ನು ತಡೆಯುವುದರಿಂದ ಮಗು ತೂಕಡಿಸುತ್ತದೆ. ‘ಪಾಪ, ಈಗ ಆರಾಮಾಗಿ ಮಲಗಿತು’ ಎಂದು ಮನೆಯವರಿಗೆ ಸಮಾಧಾನ. ಆದರೆ ಅದು ಅಲರ್ಜಿ ವಾಸಿಯಾದ ಗುರುತಲ್ಲ, ಔಷಧಿ ಮಿದುಳು ಮುಟ್ಟಿದ ಗುರುತು. ಕೆಲವು ಮಕ್ಕಳು ಇದೇ ಔಷಧಿಗೆ ಮಲಗುವ ಬದಲು ರಂಪ ಎಬ್ಬಿಸುವುದೂ ಉಂಟು. ಪ್ರೋಮೆಥಜಿನ್ ಅಂತೂ ಉಸಿರಾಟವನ್ನೇ ಕುಗ್ಗಿಸಬಲ್ಲದು, ಆದ್ದರಿಂದ ಎರಡು ವರ್ಷದೊಳಗಿನವರಿಗೆ ಕೊಡಲೇಬಾರದು. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಬೆರೆಸಿದ ನೆಗಡಿ ಔಷಧಿಯನ್ನು 4 ವರ್ಷದೊಳಗಿನ ಮಕ್ಕಳಿಗೆ ಬಳಸಬಾರದು ಎಂದು ಲೇಬಲ್ ಮೇಲೆ ಮುದ್ರಿಸುವಂತೆ ನಮ್ಮ ಕೇಂದ್ರ ಔಷಧ ನಿಯಂತ್ರಕರು 2023ರಲ್ಲಿ ಸೂಚಿಸಿದರು.

ಸೆಟಿರಿಜಿನ್, ಲೆವೊಸೆಟಿರಿಜಿನ್, ಲೊರಾಟಡಿನ್, ಫೆಕ್ಸೊಫೆನಡಿನ್ ಹೊಸ ತಲೆಮಾರಿನವು. ಗಂಧೆಗೂ ಅಲರ್ಜಿಯ ನೆಗಡಿಗೂ ಮೊದಲ ಆಯ್ಕೆ ಇವೇ. ನನ್ನ ಮಟ್ಟಿಗೆ, ನಿದ್ದೆ ಬರಲಿ ಎಂಬ ಒಂದೇ ಕಾರಣಕ್ಕೆ ಹಳೆಯದನ್ನು ಆರಿಸುವುದು ತಪ್ಪು.

ಔಷಧಿ ಸರಿಯಾಗಿದ್ದರೂ ಎಡವಟ್ಟಾಗುವುದು ಅಳತೆಯಲ್ಲಿ. ಮೂರು ವರ್ಷದ, 14 ಕಿಲೋ ತೂಕದ ಹುಡುಗಿಗೆ ಗಂಧೆ ಎದ್ದಿದೆ ಎಂದುಕೊಳ್ಳಿ. ಎರಡರಿಂದ ಐದು ವರ್ಷದವರಿಗೆ ಸೆಟಿರಿಜಿನ್ ದಿನಕ್ಕೊಮ್ಮೆ 2.5 ಎಂಜಿ, ಸಾಲದಿದ್ದರೆ ವೈದ್ಯರು ದಿನಕ್ಕೆರಡು ಸಲ ಹೇಳಬಹುದು. ಸಾಮಾನ್ಯವಾಗಿ ಸಿಗುವ ಸಿರಪ್‌ನ 5 ಎಂಎಲ್‌ನಲ್ಲಿ 5 ಎಂಜಿ ಇರುತ್ತದೆ, ಹಾಗಾಗಿ 2.5 ಎಂಎಲ್ ಸಾಕು. ವೈದ್ಯರು ಬರೆದುಕೊಟ್ಟದ್ದು ‘2.5 ಎಂಜಿ’. ಅಂಗಡಿಯಲ್ಲಿ ಅದರ ಬದಲು ಲೆವೊಸೆಟಿರಿಜಿನ್ ಕೊಟ್ಟರು. ಇದು ಅರ್ಧ ಪ್ರಮಾಣದಲ್ಲೇ ಅಷ್ಟು ಕೆಲಸ ಮಾಡುವ ಔಷಧಿ. ಈ ವಯಸ್ಸಿಗೆ ದಿನಕ್ಕೆ 1.25 ಎಂಜಿ ಮಾತ್ರ. ಇದರ ಸಿರಪ್ ಸಾಮಾನ್ಯವಾಗಿ 5 ಎಂಎಲ್‌ಗೆ 2.5 ಎಂಜಿ. ಅಮ್ಮ ಲೇಬಲ್ ಓದಿ, ಚೀಟಿಯಲ್ಲಿರುವ 2.5 ಎಂಜಿಗೆ ಸರಿಹೊಂದಿಸಿ 5 ಎಂಎಲ್ ಕುಡಿಸಿದರೆ ಮಗುವಿಗೆ ಹೋದದ್ದು ಎರಡು ಪಟ್ಟು. ಲೆಕ್ಕ ಅವರದು ಸರಿಯೇ, ಬದಲಾದದ್ದು ಔಷಧಿ. ಇದರ ಮೇಲೆ ಮನೆಯಲ್ಲಿದ್ದ ನೆಗಡಿ ಸಿರಪ್ಪನ್ನೂ ಕೊಟ್ಟರೆ, ಅದರೊಳಗಿನ ಕ್ಲೋರ್‌ಫೆನಿರಮಿನ್ ಸೇರಿ ಎರಡು ಆಂಟಿಹಿಸ್ಟಮಿನ್ ಆಯಿತು. ಮಧ್ಯಾಹ್ನವಾದರೂ ಮಗು ಮಂಪರಿನಲ್ಲೇ ಇದ್ದರೆ ಮೊದಲು ನೋಡಬೇಕಾದ್ದು ಬಾಟಲಿಗಳನ್ನು. ಡ್ರಾಪ್ಸ್‌ನಲ್ಲಿ ಔಷಧಿ ಇನ್ನೂ ಗಟ್ಟಿಯಾಗಿರಬಹುದು, ಅದನ್ನು ಸಿರಪ್‌ನ ಅಳತೆಯಲ್ಲಿ ಕೊಡುವಂತಿಲ್ಲ. ಅಡುಗೆಮನೆಯ ಚಮಚ ಬೇಡ, ಗುರುತು ಹಾಕಿದ ಸಿರಿಂಜ್ ಬಳಸಿ. ಎರಡು ವರ್ಷದೊಳಗಿನ ಮಗುವಿಗೂ ಮೂತ್ರಪಿಂಡದ ತೊಂದರೆ ಇರುವ ಮಗುವಿಗೂ ಅಳತೆಯನ್ನು ವೈದ್ಯರೇ ಹೇಳಬೇಕು.

ಶಾಲೆಗೆ ಹೋಗುವ ಮಕ್ಕಳಿಗೆ ಅಲರ್ಜಿಯ ನೆಗಡಿ ವಾರಗಟ್ಟಲೆ ಕಾಡುತ್ತದೆ. ಆರರಿಂದ ಹನ್ನೊಂದು ವರ್ಷದವರಿಗೆ ಸೆಟಿರಿಜಿನ್ ದಿನಕ್ಕೆ 5ರಿಂದ 10 ಎಂಜಿ. ಹೊಸತಾದರೂ ಅದು ಕೆಲವರಿಗೆ ತೂಕಡಿಕೆ ತರುತ್ತದೆ, ಆಗ ರಾತ್ರಿ ಕೊಡಬಹುದು. ತರಗತಿಯಲ್ಲಿ ಮಂಕಾಗುವ ಮಗುವಿಗೆ ಫೆಕ್ಸೊಫೆನಡಿನ್ ವಾಸಿ: 30 ಎಂಜಿ, ದಿನಕ್ಕೆರಡು ಸಲ. ಹಣ್ಣಿನ ರಸದ ಜೊತೆ ಕೊಟ್ಟರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ, ನೀರಿನಲ್ಲೇ ಕೊಡಿ. ಸೀನು, ಸೋರುವ ಮೂಗು, ತುರಿಕೆಗೆ ಇವೆಲ್ಲ ಚೆನ್ನಾಗಿ ಒಗ್ಗುತ್ತವೆ. ಮೂಗು ಕಟ್ಟಿ ಬಾಯಲ್ಲಿ ಉಸಿರಾಡುವ ಮಗುವಿಗೆ ಅಷ್ಟಾಗಿ ಉಪಯೋಗವಿಲ್ಲ. ಅಂಥವರಿಗೆ ಮೂಗಿಗೆ ಹಾಕುವ ಸ್ಟೀರಾಯ್ಡ್ ಸ್ಪ್ರೇ ಹೆಚ್ಚು ಕೆಲಸ ಮಾಡುತ್ತದೆ, ಸಿರಪ್‌ನ ಅಳತೆ ಏರಿಸುತ್ತಾ ಹೋಗುವುದಲ್ಲ.

ಗಂಧೆಯ ಜೊತೆ ದನಿ ಒಡೆದರೆ, ನಾಲಿಗೆ ಊದಿಕೊಂಡರೆ, ಉಸಿರಾಟದಲ್ಲಿ ಸುಂಯ್‌ಗುಟ್ಟುವ ಸದ್ದು ಬಂದರೆ, ಮತ್ತೆ ಮತ್ತೆ ವಾಂತಿಯಾದರೆ ಅಥವಾ ಮಗು ನಿತ್ರಾಣವಾದರೆ ಸಿರಪ್ ಹತ್ತಲಿ ಎಂದು ಕಾಯಬೇಡಿ. ಅಲ್ಲಿ ಬೇಕಾದ್ದು ತೊಡೆಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ, ಕೊಟ್ಟ ಔಷಧಿಯ ಬಾಟಲಿಯನ್ನೂ ಜೊತೆಗೆ ಒಯ್ಯಿರಿ.