ಗೋಡೆಯ ದಪ್ಪ ಎಷ್ಟಿರಬೇಕು?

ಗರ್ಭಕೊರಳಿನ ಕ್ಯಾನ್ಸರ್‌ಗೆ ಬ್ರಾಕಿಥೆರಪಿ ಕೊಡುವಾಗ ಇರಿಡಿಯಂ-192ರ ಒಂದು ತುಣುಕು ತಂತಿಯ ತುದಿಯಲ್ಲಿ ರೋಗಿಯ ದೇಹದೊಳಕ್ಕೆ ಹೋಗಿ, ಗಡ್ಡೆಯ ಬಳಿ ಕೆಲವು ನಿಮಿಷ ನಿಂತು ಹಿಂದಿರುಗುತ್ತದೆ. ಅಕ್ಕಿಕಾಳಿಗಿಂತ ಸಣ್ಣದಾದ ಆ ತುಣುಕಿನ ವಿಕಿರಣಬಲ ಹೊಸದಿದ್ದಾಗ ಸುಮಾರು 10 ಕ್ಯೂರಿ. ಉಳಿದ ಹೊತ್ತು ಅದು ಯಂತ್ರದೊಳಗಿನ ಟಂಗ್‌ಸ್ಟನ್ ಪೆಟ್ಟಿಗೆಯಲ್ಲಿರುತ್ತದೆ, ಆಗ ಹೊರಗೆ ಸೋರುವ ಗಾಮಾ ಕಿರಣ ತೀರಾ ಕಡಿಮೆ. ಆದ್ದರಿಂದ ಕೋಣೆಯ ಗೋಡೆಯನ್ನು ಲೆಕ್ಕ ಹಾಕುವುದು ತುಣುಕು ಪೆಟ್ಟಿಗೆಯಲ್ಲಿ ಇರುವ ದಿನಗಳಿಗಲ್ಲ, ಹೊರಗೆ ಬರುವ ನಿಮಿಷಗಳಿಗೆ.

ಒಂದು ಉದಾಹರಣೆ ನೋಡೋಣ. ಗೋಡೆಯ ಆಚೆ ಹೆಸರು ಬರೆಸುವ ಕೌಂಟರ್ ಇದೆ, ಅಲ್ಲಿ ಗುಮಾಸ್ತೆಯೊಬ್ಬರು ದಿನವಿಡೀ ಕೂರುತ್ತಾರೆ ಎಂದುಕೊಳ್ಳಿ. ತುಣುಕಿನಿಂದ ಅವರ ಕುರ್ಚಿಗೆ ಮೂರು ಮೀಟರ್. ಅವರು ವಿಕಿರಣದ ಕೆಲಸಗಾರರಲ್ಲ, ಸಾರ್ವಜನಿಕರ ಲೆಕ್ಕಕ್ಕೆ ಸೇರಿದವರು. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇರುವ ಮಿತಿ ವರ್ಷಕ್ಕೆ 1 ಮಿಲಿಸೀವರ್ಟ್. ವರ್ಷದಲ್ಲಿ ಐವತ್ತು ಕೆಲಸದ ವಾರ ಎಂದರೆ ವಾರಕ್ಕೆ 20 ಮೈಕ್ರೋಸೀವರ್ಟ್.

ಮೊದಲು ದೂರ. ಹೊಸ ತುಣುಕಿನಿಂದ ಒಂದು ಮೀಟರ್ ದೂರದಲ್ಲಿ ಗಂಟೆಗೆ ಸುಮಾರು 41 ಮಿಲಿಸೀವರ್ಟ್ ಬೀಳುತ್ತದೆ. ದೂರ ಎರಡರಷ್ಟಾದರೆ ಅದು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ, ಮೂರರಷ್ಟಾದರೆ ಒಂಬತ್ತನೇ ಒಂದು ಭಾಗಕ್ಕೆ. ಇದೇ ವಿಲೋಮ ವರ್ಗ ನಿಯಮ. ಗೋಡೆಯೇ ಇಲ್ಲದಿದ್ದರೆ ಕುರ್ಚಿಯ ಬಳಿ ಗಂಟೆಗೆ ಸುಮಾರು 4,550 ಮೈಕ್ರೋಸೀವರ್ಟ್.

ಆಮೇಲೆ ಸಮಯ. ವಾರಕ್ಕೆ ಹದಿನೆಂಟು ಚಿಕಿತ್ಸೆ, ತಲಾ ಹತ್ತು ನಿಮಿಷ ಎಂದರೆ ಒಟ್ಟು ಮೂರು ಗಂಟೆ. ಅಲ್ಲಿಗೆ ವಾರಕ್ಕೆ 13,650 ಮೈಕ್ರೋಸೀವರ್ಟ್. ಇರಿಡಿಯಂನ ಬಲ 74 ದಿನಕ್ಕೆ ಅರ್ಧವಾಗುತ್ತದಲ್ಲ, ಅದನ್ನು ಕಳೆಯಬಾರದೇ ಎಂದು ಕೆಲವರು ಕೇಳುತ್ತಾರೆ. ಕಳೆಯುವಂತಿಲ್ಲ. ಬಲ ಅರ್ಧವಾದರೆ ರೋಗಿಗೆ ಅಷ್ಟೇ ಪ್ರಮಾಣ ಕೊಡಲು ತುಣುಕು ಎರಡರಷ್ಟು ಹೊತ್ತು ಹೊರಗಿರಬೇಕಾಗುತ್ತದೆ. ಹೀಗಾಗಿ ವಾರದ ಮೊತ್ತ ಬದಲಾಗುವುದಿಲ್ಲ.

ಈಗ ಗೋಡೆ. 13,650ನ್ನು 20ಕ್ಕೆ ಇಳಿಸಬೇಕು, ಅಂದರೆ ಸುಮಾರು 680ನೇ ಒಂದು ಭಾಗಕ್ಕೆ. ಇರಿಡಿಯಂನ ಕಿರಣಗಳನ್ನು ಹತ್ತನೇ ಒಂದು ಭಾಗಕ್ಕೆ ತಗ್ಗಿಸಲು ಸುಮಾರು 15 ಸೆಂಟಿಮೀಟರ್ ಕಾಂಕ್ರೀಟ್ ಬೇಕು. ಅಂಥ ಎರಡು ಪದರ ನೂರನೇ ಒಂದು ಭಾಗಕ್ಕೆ, ಮೂರು ಪದರ ಸಾವಿರದ ಒಂದು ಭಾಗಕ್ಕೆ ಇಳಿಸುತ್ತವೆ. ನಮಗೆ ಬೇಕಾದದ್ದು 2.8 ಪದರ, ಅಂದರೆ 43 ಸೆಂಟಿಮೀಟರ್. ಮೇಲೆ ಐದು ಸೆಂಟಿಮೀಟರ್ ಹೆಚ್ಚು ಹಾಕಿದರೆ ಆಚೆ ಬರುವುದು ಮತ್ತೆ ಅರ್ಧವಾಗುತ್ತದೆ. ಗೋಡೆ ದಪ್ಪ ಮಾಡುವ ಬದಲು ಕುರ್ಚಿಯನ್ನು ಆರು ಮೀಟರ್‌ಗೆ ಸರಿಸಿದರೆ 34 ಸೆಂಟಿಮೀಟರ್ ಗೋಡೆ ಸಾಕು. ಜಾಗ ಇದ್ದರೆ ದೂರವೇ ಅಗ್ಗ.

ಗುಣಾಕಾರ ಭಾಗಾಕಾರ ತಪ್ಪುವುದು ಕಡಿಮೆ, ತಪ್ಪು ನುಸುಳುವುದು ಕಟ್ಟುವಾಗ. ಲೆಕ್ಕ ಹಾಕಿದ್ದು ಗಟ್ಟಿ ಕಾಂಕ್ರೀಟಿಗೆ. ಸರಿಯಾಗಿ ವೈಬ್ರೇಟರ್ ಹಿಡಿಯದೆ ಒಳಗೆ ಜೇನುಗೂಡಿನಂತೆ ಪೊಳ್ಳು ಉಳಿದರೆ ಕಿರಣಕ್ಕೆ ಅಲ್ಲಿ ಗೋಡೆ ತೆಳು. ಹಗುರ ಇಟ್ಟಿಗೆ ಬಳಸಿದರೆ ಅದೇ ದಪ್ಪ ಸಾಲದು. ಎಸಿ ಡಕ್ಟ್, ವಿದ್ಯುತ್ ಪೈಪುಗಳನ್ನು ನೇರವಾಗಿ ತೂರಿಸದೆ ಓರೆಯಾಗಿಯೋ ತಿರುವು ಕೊಟ್ಟೋ ಹಾಯಿಸಬೇಕು. ಬಾಗಿಲಿನ ಮುಂದೆ ಅಡ್ಡಗೋಡೆ ಕಟ್ಟಿ ಬಳಸಿ ಬರುವಂತೆ ದಾರಿ ಮಾಡಿದರೆ, ಬಾಗಿಲಿಗೆ ತಲುಪುವುದು ಚದುರಿ ಬಲ ಕಳೆದುಕೊಂಡ ಕಿರಣ ಮಾತ್ರ, ಆಗ ಬಾಗಿಲಿಗೆ ತೆಳುವಾದ ಸೀಸದ ಹಾಳೆ ಸಾಕಾಗುತ್ತದೆ. ಇದೆಲ್ಲ ಗೊತ್ತಾಗುವುದು ತುಣುಕನ್ನು ಹೊರಗಿಟ್ಟು, ಸರ್ವೆ ಮೀಟರ್ ಹಿಡಿದು ಗೋಡೆ, ಸಂದು, ಬಾಗಿಲಿನ ಅಂಚು, ಮೇಲಿನ ಮಹಡಿಯ ನೆಲವನ್ನೆಲ್ಲ ಅಳೆದಾಗಲೇ.

ಗೋಡೆಯ ಒಳಗಿನವರಿಗೆ ಈ ಲೆಕ್ಕ ರಕ್ಷಣೆ ಕೊಡುವುದಿಲ್ಲ. ತುಣುಕು ಸಿಕ್ಕಿಕೊಂಡರೆ ಉದ್ದ ಇಕ್ಕಳದಿಂದ ಎತ್ತಿ ಸೀಸದ ಪಾತ್ರೆಗೆ ಹಾಕಬೇಕು. ಬೆರಳು ಒಂದು ಸೆಂಟಿಮೀಟರ್ ಹತ್ತಿರವಾದರೆ ನಿಮಿಷಕ್ಕೆ ಸುಮಾರು 7 ಸೀವರ್ಟ್, 25 ಸೆಂಟಿಮೀಟರ್ ದೂರದಿಂದ ಹಿಡಿದರೆ 11 ಮಿಲಿಸೀವರ್ಟ್. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1992ರಲ್ಲಿ ಇಂಥ ತುಣುಕು ತಂತಿಯಿಂದ ಮುರಿದು ರೋಗಿಯ ದೇಹದಲ್ಲೇ ಉಳಿಯಿತು. ಗೋಡೆಯ ಮೇಲಿನ ಸಾಧನ ಎಚ್ಚರಿಕೆ ಕೊಟ್ಟಿತು, ಆದರೆ ಯಂತ್ರ ಎಲ್ಲ ಸುರಕ್ಷಿತ ಎಂದು ತೋರಿಸಿದ್ದರಿಂದ ಸಿಬ್ಬಂದಿ ಅದನ್ನೇ ನಂಬಿದರು. ಕೈಯಲ್ಲಿ ಮೀಟರ್ ಹಿಡಿದು ಯಾರೂ ನೋಡಲಿಲ್ಲ. ರೋಗಿ ಕೆಲವೇ ದಿನಗಳಲ್ಲಿ ತೀರಿಕೊಂಡರು.

ನಿಮ್ಮ ಆಸ್ಪತ್ರೆಯಲ್ಲಿ ಅಂಥ ಕೋಣೆ ಇದ್ದರೆ, ಹೊಸ ಕೇಬಲ್‌ಗೆಂದು ಆ ಗೋಡೆಗೆ ಡ್ರಿಲ್ ಇಡುವ ಮುಂಚೆ ವಿಕಿರಣ ಸುರಕ್ಷತಾ ಅಧಿಕಾರಿಯನ್ನು ಕೇಳಿ. ರಂಧ್ರ ಕೊರೆದರೆ ಮತ್ತೆ ಅಳೆಸದೆ ಕೋಣೆ ಬಳಸಬೇಡಿ.